ಅಂಕದುಬ್ಬರ: ವಿಭಾಗದ ಬಾಗಿಲಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ಒಂದು ಪದವಿ ಕಾಲೇಜಿನ ವಾಣಿಜ್ಯ ವಿಭಾಗದಲ್ಲಿ ಪಾಠ ಮಾಡುವವನು ನಾನು. ಆಂತರಿಕ ಅಂಕಗಳನ್ನು ಕೊಡುವ ರೀತಿಯನ್ನು ಬದಲಿಸಬೇಕು ಎಂಬ ಮಾತು ಬಂದಾಗಲೆಲ್ಲ ಸಹೋದ್ಯೋಗಿಗಳು, ವಿದ್ಯಾರ್ಥಿಗಳು, ಅವರ ಹೆತ್ತವರು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು 100 ಅಂಕಗಳ ಒಂದು ಪತ್ರಿಕೆ. ಅದರಲ್ಲಿ 80 ಸೆಮಿಸ್ಟರ್ ಕೊನೆಯ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ನಿಮ್ಮಲ್ಲಿ ಈ ಪಾಲು ಬೇರೆ ಇದ್ದರೆ ಅಂಕಿಗಳು ಬದಲಾಗುತ್ತವೆ, ವಾದ ಬದಲಾಗುವುದಿಲ್ಲ.

ಅಂಕದುಬ್ಬರ ಎಂದರೆ ನೀವು ಏನನ್ನು ಹೇಳುತ್ತಿದ್ದೀರಿ?

ಅದೇ ಮಟ್ಟದ ಕೆಲಸಕ್ಕೆ ವರ್ಷದಿಂದ ವರ್ಷಕ್ಕೆ ಹೆಚ್ಚು ಅಂಕ ಸಿಗುವುದನ್ನು. ಹೆಚ್ಚು ಮಂದಿಗೆ ಹೆಚ್ಚು ಅಂಕ ಬಂದ ಮಾತ್ರಕ್ಕೆ ಅದು ಅಂಕದುಬ್ಬರವಲ್ಲ. ಕಲಿಕೆಯೂ ಅಷ್ಟೇ ಏರಿದ್ದರೆ ಸಂತೋಷಪಡಬೇಕು.

ನಮ್ಮ ಮಟ್ಟಿಗೆ ಇದು ಎದ್ದು ಕಾಣುವುದು ಆಂತರಿಕ ಅಂಕಗಳಲ್ಲಿ. ಯಾವುದಾದರೂ ವಿಭಾಗದ ಒಂದು ತರಗತಿಯ ಪಟ್ಟಿಯನ್ನು ಬಿಡಿಸಿ ನೋಡಿ. 20ರಲ್ಲಿ 17, 18, 18, 19, 18, 20, 19 ಎಂದು ಕಾಲಂ ಇಳಿಯುತ್ತಾ ಹೋಗುತ್ತದೆ. ಪಕ್ಕದ ಕಾಲಂನಲ್ಲಿ ಅದೇ ಮಕ್ಕಳ ಲಿಖಿತ ಪರೀಕ್ಷೆಯ ಅಂಕ 80ಕ್ಕೆ 31, 66, 28, 47, 35. ಎಡಗಡೆಯ ಕಾಲಂ ಪ್ರಕಾರ ತರಗತಿಯಲ್ಲಿ ಎಲ್ಲರೂ ಜಾಣರು. ಬಲಗಡೆಯದರ ಪ್ರಕಾರ ಒಬ್ಬರಿಗೂ ಇನ್ನೊಬ್ಬರಿಗೂ ಅಜಗಜಾಂತರ. ಎರಡೂ ಒಂದೇ ಪಾಠವನ್ನು ಅಳೆಯುತ್ತಿವೆ ಎಂದು ನಂಬುವುದು ಕಷ್ಟ.

ಮಕ್ಕಳು ನಿಜವಾಗಿಯೂ ಮೊದಲಿಗಿಂತ ಚೆನ್ನಾಗಿ ಓದುತ್ತಿರಬಹುದಲ್ಲವೇ? ಅದೂ ನಮ್ಮ ಜಿಲ್ಲೆಗಳಲ್ಲಿ!

ಇರಬಹುದು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಶೇಕಡಾ 94ರೊಂದಿಗೆ ರಾಜ್ಯಕ್ಕೆ ಮೊದಲನೆಯದು, ದಕ್ಷಿಣ ಕನ್ನಡ ಎರಡನೆಯದು. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದು ರಾಜ್ಯದ ಒಟ್ಟು ಫಲಿತಾಂಶ ಕುಸಿದ ವರ್ಷವೂ ಅದೇ. ಹಾಗಾಗಿ ಈ ಕರಾವಳಿಯ ಮಕ್ಕಳ ಅಂಕವೆಲ್ಲ ಗಾಳಿ ತುಂಬಿದ್ದು ಎಂದು ಹೇಳುವವನು ನಾನಲ್ಲ.

ಆದರೆ ಊಹೆ ಬೇಡ, ಪರೀಕ್ಷಿಸಿ ನೋಡಬಹುದು. ಕೆಲವು ವರ್ಷಗಳ ಹಿಂದೆ ಕಿರುಪರೀಕ್ಷೆಯಲ್ಲಿ ಕೇಳಿದ್ದ, ಪ್ರಶ್ನೆ ಬ್ಯಾಂಕಿಗೆ ಸೇರದೆ ಉಳಿದ ಒಂದು ಪ್ರಶ್ನೆಯನ್ನು ಆರಿಸಿ. ಅಂದಿನ ಉತ್ತರ ಪತ್ರಿಕೆಗಳಲ್ಲಿ ಹತ್ತು ಹದಿನೈದನ್ನು ಹುಡುಕಿ, ಹೆಸರನ್ನೂ ಹಳೆಯ ಅಂಕವನ್ನೂ ಮುಚ್ಚಿ ನಕಲು ತೆಗೆಯಿರಿ. ಅದೇ ಪ್ರಶ್ನೆಯನ್ನು ಈ ವರ್ಷದ ತರಗತಿಗೂ ಕೊಡಿ. ಎರಡೂ ಕಟ್ಟುಗಳನ್ನು ಬೆರೆಸಿ ಒಬ್ಬರೇ ತಿದ್ದಲಿ. ಈ ವರ್ಷದವರು ಹಳಬರಿಗಿಂತ ಮೇಲೆ ಬಂದರೆ ಕಲಿಕೆ ಏರಿದೆ. ಹಳೆಯ ಪತ್ರಿಕೆಗಳಿಗೇ ಇಂದು ಅಂದಿಗಿಂತ ಹೆಚ್ಚು ಅಂಕ ಬಿದ್ದರೆ ನಮ್ಮ ಕೈ ಸಡಿಲವಾಗಿದೆ. ಎರಡೂ ಒಟ್ಟಿಗೆ ಆಗಿರುವುದೂ ಉಂಟು. ಹಳೆಯ ಪತ್ರಿಕೆಗಳನ್ನು ಮಾರಿಬಿಡುವ ಪದ್ಧತಿ ಇರುವ ಕಡೆ ಈ ಕೆಲಸ ಆಗದು. ಈ ವರ್ಷದಿಂದಲಾದರೂ ಪ್ರತಿ ಪತ್ರಿಕೆಗೆ ಒಂದು ಸಣ್ಣ ಕಟ್ಟನ್ನು ಕಪಾಟಿನಲ್ಲಿ ಉಳಿಸಿಕೊಳ್ಳಿ.

ಯಾರೂ ಬೇಕೆಂದು ಮಾಡದಿದ್ದರೂ ಅಂಕ ಏಕೆ ಉಬ್ಬುತ್ತದೆ?

ಹೆಚ್ಚು ಅಂಕ ಕೊಟ್ಟದ್ದಕ್ಕೆ ಯಾರೂ ಬಂದು ಜಗಳವಾಡುವುದಿಲ್ಲ. ಕಡಿಮೆ ಕೊಟ್ಟದ್ದಕ್ಕೆ ವಿದ್ಯಾರ್ಥಿ ಬರುತ್ತಾನೆ, ಆಮೇಲೆ ತಂದೆ ಬರುತ್ತಾರೆ, ಆಮೇಲೆ ಪ್ರಾಂಶುಪಾಲರ ಕರೆ ಬರುತ್ತದೆ. ಉಳಿದ ಕಾರಣಗಳೆಲ್ಲ ಈ ಅಸಮತೋಲನದ ಮೇಲೆ ಕುಳಿತಿವೆ.

ಅತಿಥಿ ಉಪನ್ಯಾಸಕರನ್ನು ತೆಗೆದುಕೊಳ್ಳಿ. ಮುಂದಿನ ವರ್ಷ ಕೆಲಸ ಉಳಿಯುತ್ತದೆಯೋ ಇಲ್ಲವೋ ಎಂಬುದು ಅವರ ಪತ್ರಿಕೆಯ ಫಲಿತಾಂಶ ಮತ್ತು ವಿದ್ಯಾರ್ಥಿಗಳ ಅಭಿಪ್ರಾಯದ ಮೇಲೆ ನಿಂತಿರುವಾಗ ‘ನೀವು ಬಿಗಿಯಾಗಿ ತಿದ್ದಿ’ ಎಂದು ಖಾಯಂ ನೌಕರಿಯವರು ಉಪದೇಶ ಮಾಡುವುದು ಸುಲಭ. ಕಾಲೇಜಿಗೂ ತನ್ನದೇ ಲೆಕ್ಕವಿದೆ. ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್‌ಗೆ ಸಲ್ಲಿಸುವ ವರದಿಯಲ್ಲಿ ತೇರ್ಗಡೆಯ ಪ್ರಮಾಣ ಒಂದು ಅಳತೆ. ಪ್ರವೇಶದ ದಿನಗಳಲ್ಲಿ ಬಸ್ ನಿಲ್ದಾಣದ ಪಕ್ಕ ಏಳುವ ಫ್ಲೆಕ್ಸ್‌ಗಳಲ್ಲಿ ಹಾಕುವುದಕ್ಕೆ ಬೇಕಿರುವುದೂ ಅದೇ. ಉಡುಪಿಯಿಂದ ಮಂಗಳೂರಿನವರೆಗೆ ಹೆದ್ದಾರಿಯ ಉದ್ದಕ್ಕೂ ಎಷ್ಟು ಕಾಲೇಜುಗಳಿವೆ ಎಂದು ಬಸ್ಸಿನ ಕಿಟಕಿಯಿಂದ ಲೆಕ್ಕ ಹಾಕಿದವರಿಗೆ ಈ ಪೈಪೋಟಿಯನ್ನು ವಿವರಿಸಬೇಕಾಗಿಲ್ಲ.

ಇದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿದೆ, ಅದಕ್ಕೆ ಉತ್ತರ ಕೊಡುವುದೂ ಕಷ್ಟ. ಪಕ್ಕದ ಕಾಲೇಜು 19 ಕೊಡುತ್ತಿರುವಾಗ ನಾವು 14 ಕೊಟ್ಟರೆ ನಮ್ಮ ಮಕ್ಕಳ ಶೇಕಡಾವಾರು ಐದು ಕಡಿಮೆಯಾಗುತ್ತದೆ. ಶೇಕಡಾ 60 ಇಲ್ಲದವರ ಅರ್ಜಿಯನ್ನೇ ನೋಡದ ಕಂಪನಿಗೆ ಈ ಐದು ಏಕೆ ಕಡಿಮೆಯಾಯಿತು ಎಂದು ಯಾರು ಹೇಳುತ್ತಾರೆ? ಹಾಗಾಗಿ ಪ್ರತಿಯೊಂದು ವಿಭಾಗವೂ ‘ಉಳಿದವರು ಇಳಿಸಿದರೆ ನಾವೂ ಇಳಿಸುತ್ತೇವೆ’ ಎನ್ನುತ್ತದೆ, ಯಾರೂ ಇಳಿಸುವುದಿಲ್ಲ. ಇದರಲ್ಲಿ ಸೋಮಾರಿತನವಾಗಲಿ ಅಪ್ರಾಮಾಣಿಕತೆಯಾಗಲಿ ಇರಬೇಕಾಗಿಲ್ಲ. ಒಬ್ಬೊಬ್ಬರೂ ತಮ್ಮ ವಿದ್ಯಾರ್ಥಿಯ ಒಳಿತನ್ನೇ ನೋಡಿ ಎಲ್ಲರೂ ಸೇರಿ ಅಂಕದ ಅರ್ಥವನ್ನು ಕಳೆಯುತ್ತಾರೆ.

ಕೊನೆಯದು ಕಣ್ಣಿಗೆ ಬೀಳದ ಕಾರಣ, ಸಮಯದ್ದು. ಆಷಾಢದ ಮಳೆಗೆ ಜಿಲ್ಲಾಧಿಕಾರಿಗಳ ರಜೆ ಪದವಿ ಕಾಲೇಜುಗಳಿಗೂ ಅನ್ವಯಿಸಿದರೆ ಪಾಠ ಹಿಂದೆ ಬೀಳುತ್ತದೆ. ಕಿರುಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಎರಡನೆಯದು ನಡೆಯುವುದೇ ಇಲ್ಲ. ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಅಂಕ ತುಂಬುವ ಕೊನೆಯ ದಿನ ಬಂದಾಗ ಕೈಯಲ್ಲಿ ಒಂದು ಪರೀಕ್ಷೆ ಮತ್ತು ಒಂದೇ ಮಾದರಿಯಿಂದ ಇಳಿಸಿದ ಅಸೈನ್‌ಮೆಂಟ್‌ಗಳ ರಾಶಿ ಇರುತ್ತದೆ. ಅಳತೆಯೇ ಆಗದಿದ್ದಾಗ ಎಲ್ಲರಿಗೂ 18 ಕೊಡುವುದು ನ್ಯಾಯವೆಂದೇ ತೋರುತ್ತದೆ.

20ರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಟ್ಟರೆ ಯಾರ ಗಂಟು ಹೋಗುತ್ತದೆ?

ದುಡಿದವಳದ್ದು. ಒಂದು ಲೆಕ್ಕ ನೋಡೋಣ.

ಕುಂದಾಪುರದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ ಸೆಮಿಸ್ಟರ್ ಪೂರ್ತಿ ಅಸೈನ್‌ಮೆಂಟ್‌ಗಳನ್ನು ಸ್ವಂತವಾಗಿ ಮಾಡಿದ್ದಾಳೆ ಎಂದಿಟ್ಟುಕೊಳ್ಳಿ. ಪ್ರಾಮಾಣಿಕವಾಗಿ ಅಳೆದರೆ ಅವಳಿಗೆ 20ಕ್ಕೆ 18. ಅವಳ ಪಕ್ಕದ ಸಾಲಿನವನು ಎಲ್ಲವನ್ನೂ ನಕಲು ಮಾಡಿ ಸಲ್ಲಿಸಿದ್ದಾನೆ, ಅವನಿಗೆ 10. ಕೊನೆಯ ಲಿಖಿತ ಪರೀಕ್ಷೆಗೆ ಒಂದು ವಾರ ಕುಳಿತು ಓದಿದ ಅವನಿಗೆ 56, ಅವಳಿಗೆ 52. ಒಟ್ಟು ಅವಳದ್ದು 70, ಅವನದ್ದು 66. ಸೆಮಿಸ್ಟರ್ ಪೂರ್ತಿ ಮಾಡಿದ ಕೆಲಸಕ್ಕೆ ಒಂದು ಬೆಲೆ ಸಿಕ್ಕಿತು.

ಈಗ ಧಾರಾಳದ ಪಟ್ಟಿ. ಅವಳಿಗೆ 20, ಅವನಿಗೆ 18. ಅವಳದ್ದು 72, ಅವನದ್ದು 74. ಇಬ್ಬರ ಅಂಕವೂ ಏರಿತು, ಇಬ್ಬರಿಗೂ ಸಂತೋಷವಾಯಿತು, ಅವಳು ಅವನ ಹಿಂದೆ ಬಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ.

ಒಟ್ಟು ಮೊತ್ತದಲ್ಲಿ ಒಂದು ಭಾಗದ ನಿಜವಾದ ತೂಕವನ್ನು ತೀರ್ಮಾನಿಸುವುದು ಅದಕ್ಕೆ ಗೊತ್ತುಮಾಡಿದ ಗರಿಷ್ಠ ಅಂಕವಲ್ಲ, ಆ ಭಾಗದಲ್ಲಿ ಅಂಕಗಳು ಎಷ್ಟು ಹರಡಿಕೊಂಡಿವೆ ಎಂಬುದು. ಎಲ್ಲರೂ 17ರಿಂದ 20ರ ಒಳಗೇ ಇದ್ದರೆ ಆಂತರಿಕ ಮೌಲ್ಯಮಾಪನಕ್ಕೆ ಕಾಗದದಲ್ಲಿ 20 ಅಂಕವಿದ್ದರೂ ಅದು ಹೆಚ್ಚು ಕಡಿಮೆ ಯಾರ ಸ್ಥಾನವನ್ನೂ ಬದಲಿಸುವುದಿಲ್ಲ. ಒಂದೇ ದಿನದ ಮೂರು ಗಂಟೆಯ ಪರೀಕ್ಷೆಗೆ ಎಲ್ಲವನ್ನೂ ಬಿಡಬಾರದು ಎಂದೇ ಈ 20ನ್ನು ಇಟ್ಟದ್ದು. ಧಾರಾಳದಿಂದ ನಾವು ಎಲ್ಲವನ್ನೂ ತಿರುಗಿ ಅದೇ ಮೂರು ಗಂಟೆಗೆ ಒಪ್ಪಿಸುತ್ತಿದ್ದೇವೆ. ಪರೀಕ್ಷೆಯ ದಿನ ಜ್ವರ ಬಂದವರಿಗೆ, ಇಂಗ್ಲಿಷಿನಲ್ಲಿ ವೇಗವಾಗಿ ಬರೆಯಲು ಬಾರದವರಿಗೆ ಇದರಿಂದ ಹೆಚ್ಚು ನಷ್ಟ.

ಹಾಗಾದರೆ ‘ಇಷ್ಟು ಮಂದಿಗೆ ಮಾತ್ರ 18ರ ಮೇಲೆ’ ಎಂದು ಮಿತಿ ಹಾಕಿದರೆ ಮುಗಿಯಿತಲ್ಲ?

ಹಾಕಿ ನೋಡಿದವರಿದ್ದಾರೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ ಪದವಿ ತರಗತಿಗಳಲ್ಲಿ ‘ಎ’ ಶ್ರೇಣಿ ಶೇಕಡಾ 35ನ್ನು ಮೀರಬಾರದು ಎಂಬ ಗುರಿಯನ್ನು ವಿಭಾಗಗಳಿಗೆ ಕೊಟ್ಟಿತು. ವಿದ್ಯಾರ್ಥಿಗಳು ಅದನ್ನು ಕೋಟಾ ಎಂದೇ ಓದಿಕೊಂಡರು, ಪಕ್ಕದವನು ಚೆನ್ನಾಗಿ ಬರೆದರೆ ತನ್ನ ಶ್ರೇಣಿ ಹೋಯಿತು ಎಂದು ಭಾವಿಸಿದರು. ಹತ್ತು ವರ್ಷಗಳ ನಂತರ, 2014ರಲ್ಲಿ, ಅಲ್ಲಿನ ಅಧ್ಯಾಪಕರೇ ಅದನ್ನು ಕೈಬಿಟ್ಟರು. ವೆಲ್ಸ್‌ಲಿ ಕಾಲೇಜು ಅದೇ 2004ರಲ್ಲಿ ಬೇರೆ ದಾರಿ ಹಿಡಿದು, ಆರಂಭಿಕ ಮತ್ತು ಮಧ್ಯಮ ಹಂತದ ತರಗತಿಗಳ ಸರಾಸರಿ ‘ಬಿ ಪ್ಲಸ್’ ದಾಟಬಾರದು ಎಂದಿತು. ಶ್ರೇಣಿಗಳು ಇಳಿದವು. ಜತೆಗೆ ಶ್ರೇಣಿ ಇಳಿಸಬೇಕಾಗಿ ಬಂದ ವಿಭಾಗಗಳನ್ನು ಆರಿಸಿಕೊಳ್ಳುವವರು ಕಡಿಮೆಯಾದರು, ಅಲ್ಲಿನ ಅಧ್ಯಾಪಕರಿಗೆ ವಿದ್ಯಾರ್ಥಿಗಳು ಕೊಡುವ ಅಭಿಪ್ರಾಯದ ಅಂಕವೂ ಇಳಿಯಿತು ಎಂದು ಅಲ್ಲಿಯ ಅರ್ಥಶಾಸ್ತ್ರಜ್ಞರೇ ಲೆಕ್ಕ ಹಾಕಿ ತೋರಿಸಿದರು. ನಮ್ಮ ಅತಿಥಿ ಉಪನ್ಯಾಸಕರ ಅಂಜಿಕೆ ಕಾಲ್ಪನಿಕವಲ್ಲ ಎಂಬುದಕ್ಕೆ ಇಷ್ಟು ಸಾಕು.

ಮಿತಿಯ ಮೂಲದೋಷ ಬೇರೆ. ಅರುವತ್ತು ಮಂದಿಯಲ್ಲಿ ನಲವತ್ತು ಮಂದಿ ಪಾಠವನ್ನು ನಿಜವಾಗಿ ಕಲಿತಿದ್ದರೆ ಅವರಲ್ಲಿ ಇಪ್ಪತ್ತು ಮಂದಿಯನ್ನು ಏಕೆ ಕೆಳಗೆ ತಳ್ಳಬೇಕು? ಮಿತಿ ಹಾಕುವುದರಿಂದ ಸಾಲಿನಲ್ಲಿ ಯಾರು ಮುಂದೆ ಎಂದು ಗೊತ್ತಾಗಬಹುದು, ಯಾರಿಗೆ ಏನು ಗೊತ್ತಿದೆ ಎಂದು ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ಅದು ವಿಭಾಗ ತನ್ನ ಕೆಲಸವನ್ನು ತಪ್ಪಿಸಿಕೊಳ್ಳುವ ಉಪಾಯ.

ಮತ್ತೆ ಎಲ್ಲಿಂದ ಶುರುಮಾಡಬೇಕು?

ಪ್ರಶ್ನೆಪತ್ರಿಕೆಯಿಂದ. ಅಂಕ ಉಬ್ಬುವುದು ತಿದ್ದುವಾಗ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅರ್ಧಕ್ಕಿಂತ ಹೆಚ್ಚು ಅದಕ್ಕೂ ಮೊದಲೇ ಆಗಿರುತ್ತದೆ. ಪ್ರಶ್ನೆ ಬ್ಯಾಂಕಿನ ಪ್ರಶ್ನೆಯನ್ನು ಅಂಕಿಗಳನ್ನೂ ಬದಲಿಸದೆ ಕೊಟ್ಟರೆ ಉತ್ತರ ಬಾಯಿಪಾಠವಾಗಿ ಬರುತ್ತದೆ. ಅದನ್ನು ಎಷ್ಟು ಬಿಗಿಯಾಗಿ ತಿದ್ದಿದರೂ ಹತ್ತಕ್ಕೆ ಹತ್ತು ಕೊಡಲೇಬೇಕು.

ವೆಚ್ಚ ಲೆಕ್ಕಶಾಸ್ತ್ರದ ಒಂದು ಹತ್ತು ಅಂಕದ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಒಂದು ಗೇರುಬೀಜ ಕಾರ್ಖಾನೆ. ತಿಂಗಳ ಸ್ಥಿರ ವೆಚ್ಚ 6,00,000 ರೂಪಾಯಿ. ತಿರುಳಿನ ಮಾರಾಟ ಬೆಲೆ ಕಿಲೋಗೆ 800, ಬದಲಾಗುವ ವೆಚ್ಚ ಕಿಲೋಗೆ 600. ಲಾಭವೂ ನಷ್ಟವೂ ಇಲ್ಲದ ಮಾರಾಟದ ಮಟ್ಟ, ಅಂದರೆ ಬ್ರೇಕ್ ಈವನ್ ಬಿಂದು, ಎಷ್ಟು? ಬೆಲೆಯಲ್ಲಿ ಬದಲಾಗುವ ವೆಚ್ಚವನ್ನು ಕಳೆದು ಉಳಿಯುವ ಕೊಡುಗೆ ಕಿಲೋಗೆ 200, ಆರು ಲಕ್ಷವನ್ನು ಅದರಿಂದ ಭಾಗಿಸಿದರೆ 3,000 ಕಿಲೋ. ಸೂತ್ರ ಗೊತ್ತಿದ್ದವರೆಲ್ಲ ಮಾಡುತ್ತಾರೆ, ಮಾಡಲೂಬೇಕು. ಆದರೆ ಹತ್ತೂ ಅಂಕ ಇದಕ್ಕೇ ಇದ್ದರೆ ಪಾಠ ಅರ್ಥವಾದವನನ್ನೂ ಸೂತ್ರ ಉರುಹೊಡೆದವನನ್ನೂ ಬೇರೆ ಮಾಡಲಾಗದು.

ಆದ್ದರಿಂದ ಇದಕ್ಕೆ ನಾಲ್ಕೇ ಅಂಕವಿಟ್ಟು ಮುಂದುವರಿಸಿ. ಕಚ್ಚಾ ಗೇರುಬೀಜದ ದರ ಏರಿ ಬದಲಾಗುವ ವೆಚ್ಚ 650 ಆಯಿತು, ಈಗ ಬಿಂದು ಎಲ್ಲಿಗೆ ಹೋಯಿತು? ಕೊಡುಗೆ 150, ಬಿಂದು 4,000 ಕಿಲೋ. ಇದಕ್ಕೆ ಎರಡು ಅಂಕ. ಈಗ ಹೊರರಾಜ್ಯದ ಒಬ್ಬ ವ್ಯಾಪಾರಿ ಕಿಲೋಗೆ 700ರಂತೆ 500 ಕಿಲೋ ಕೇಳುತ್ತಿದ್ದಾನೆ. ಕಾರ್ಖಾನೆ ಈಗಾಗಲೇ ತಿಂಗಳಿಗೆ 4,000 ಕಿಲೋ ದಾಟಿ ಮಾರುತ್ತಿದೆ, ಯಂತ್ರಗಳಿಗೆ ಬಿಡುವಿದೆ. ಒಪ್ಪಬೇಕೇ? ಕಾರಣ ಬರೆಯಿರಿ. ನಾಲ್ಕು ಅಂಕ.

ವಿಭಾಗದ ಮಟ್ಟ ಇರುವುದು ಈ ಕೊನೆಯ ನಾಲ್ಕು ಅಂಕಗಳಲ್ಲಿ. ಪ್ರತಿ ಕಿಲೋಗೆ ಇನ್ನೂ 50 ರೂಪಾಯಿ ಉಳಿಯುತ್ತದೆ, ಸ್ಥಿರ ವೆಚ್ಚ ಏರುವುದಿಲ್ಲ, ಹಾಗಾಗಿ 25,000 ರೂಪಾಯಿ ಹೆಚ್ಚುವರಿ ಲಾಭ ಎಂದು ಬರೆದವನು ಪಾಠವನ್ನು ತಿಳಿದುಕೊಂಡಿದ್ದಾನೆ. ‘ಊರಿನ ಖಾಯಂ ಗಿರಾಕಿಗಳೂ ನಾಳೆ 700ಕ್ಕೇ ಕೇಳುವ ಹಾಗಿದ್ದರೆ ಬೇಡ’ ಎಂದು ಲೆಕ್ಕ ತೋರಿಸಿ ಬರೆದವಳಿಗೂ ಪೂರ್ತಿ ನಾಲ್ಕು. ‘700 ಎಂದರೆ 800ಕ್ಕಿಂತ ಕಡಿಮೆ, ಆದ್ದರಿಂದ ನಷ್ಟ’ ಎಂದವನಿಗೆ ಸೊನ್ನೆ.

ತಿದ್ದುವಾಗ ಎಲ್ಲಿ ತಪ್ಪುತ್ತೇವೆ?

ಇದೇ ಪ್ರಶ್ನೆಗೆ ಬಂದ ಎರಡು ಉತ್ತರಗಳನ್ನು ಊಹಿಸಿಕೊಳ್ಳಿ. ಮೊದಲನೆಯದರಲ್ಲಿ ವಿದ್ಯಾರ್ಥಿನಿ ಗಡಿಬಿಡಿಯಲ್ಲಿ 800ನ್ನು 850 ಎಂದು ಇಳಿಸಿಕೊಂಡಿದ್ದಾಳೆ. ಕೊಡುಗೆ 250, ಬಿಂದು 2,400. ದರ ಏರಿದ ಮೇಲೆ ಕೊಡುಗೆ 200, ಬಿಂದು 3,000. ವ್ಯಾಪಾರಿಯ ಬೇಡಿಕೆಯ ಬಗ್ಗೆ ಅವಳು ಬರೆದದ್ದೆಲ್ಲ ಸರಿ. ಎರಡನೆಯದರಲ್ಲಿ ಅಂಕಿಗಳೆಲ್ಲ ಸರಿ. ಕೊನೆಗೆ ಮಾತ್ರ ‘ಬೆಲೆ ಕಡಿಮೆಯಾದ್ದರಿಂದ ಒಪ್ಪಬಾರದು’ ಎಂದು ಒಂದು ಸಾಲು.

ಹೆಸರಾಂತ ಬಿಗಿ ಕೈಯವರು ಮೊದಲನೆಯದಕ್ಕೆ 5 ಹಾಕುತ್ತಾರೆ, ಉತ್ತರ ಎರಡೂ ಕಡೆ ತಪ್ಪಲ್ಲವೇ ಎಂದು. ಎರಡನೆಯದಕ್ಕೆ 8, ಏಕೆಂದರೆ ಪುಟ ತುಂಬಿದೆ, ಅಂಕಿ ಹೊಂದಿದೆ, ಏನೋ ಒಂದು ತೀರ್ಮಾನವಿದೆ. ಧಾರಾಳದ ಕೈಯವರು ಎರಡಕ್ಕೂ 9 ಹಾಕುತ್ತಾರೆ. ಮೊದಲೇ ಒಪ್ಪಿ ಬರೆದಿಟ್ಟ ಅಂಕ ಹಂಚಿಕೆಯ ಪ್ರಕಾರ ನೋಡಿದರೆ ಮೊದಲನೆಯದಕ್ಕೆ 9: ಬೆಲೆ ತಪ್ಪಾಗಿ ಇಳಿಸಿದ್ದಕ್ಕೆ ಒಂದು ಅಂಕ ಒಂದೇ ಸಲ ಹೋಗಬೇಕು, ಅದೇ ತಪ್ಪು ಮುಂದಿನ ಸಾಲುಗಳಿಗೆ ಹರಿದದ್ದಕ್ಕೆ ಮತ್ತೆ ಮತ್ತೆ ಕಳೆಯಬಾರದು. ಎರಡನೆಯದಕ್ಕೆ 6.

ಬಿಗಿ ಕೈ ಎಂದು ಹೆಸರಾದವರೂ ಇಲ್ಲಿ ಮಟ್ಟ ಕಾಯಲಿಲ್ಲ. ಪಾಠ ತಿಳಿದವಳಿಗೆ ಶಿಕ್ಷೆ ಕೊಟ್ಟು, ತಿಳಿಯದವನಿಗೆ ಎರಡು ಅಂಕ ದಾನ ಮಾಡಿದರು. ಮಟ್ಟ ಕಾಯುವುದಕ್ಕೂ ಕಡಿಮೆ ಅಂಕ ಕೊಡುವುದಕ್ಕೂ ಸಂಬಂಧವಿಲ್ಲ ಎಂದು ವಿಭಾಗದ ಸಭೆಯಲ್ಲಿ ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಈ ಎರಡು ಉತ್ತರಗಳ ನಕಲನ್ನು ಮೇಜಿನ ಮೇಲಿಟ್ಟು ‘ನೀವು ಎಷ್ಟು ಹಾಕುತ್ತೀರಿ?’ ಎಂದು ಕೇಳಿದರೆ ಐದು ನಿಮಿಷದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ಆ ಸಭೆಯನ್ನು ಹೇಗೆ ನಡೆಸುವುದು?

ಕಿರುಪರೀಕ್ಷೆ ಮುಗಿದ ಮರುದಿನ, ಯಾರೂ ತಿದ್ದಲು ಕೂರುವ ಮೊದಲು. ಆ ಪತ್ರಿಕೆಯನ್ನು ಪಾಠ ಮಾಡುವವರೆಲ್ಲರೂ, ಒಬ್ಬರೇ ಮಾಡುವುದಾದರೆ ಹತ್ತಿರದ ವಿಷಯದ ಇನ್ನೊಬ್ಬರೂ ಸೇರಲಿ. ಐದು ಉತ್ತರ ಪತ್ರಿಕೆಗಳನ್ನು ಹೆಸರು ಮುಚ್ಚಿ ಆರಿಸಿ. ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಕಾಣದಂತೆ ತಿದ್ದಲಿ, ಆಮೇಲೆ ಅಂಕಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಹತ್ತಕ್ಕೆ ಒಂದು ಅಂಕದ ವ್ಯತ್ಯಾಸವನ್ನು ಬಿಟ್ಟುಬಿಡಿ. ಮೂರು ಅಂಕದ ವ್ಯತ್ಯಾಸ ಎಲ್ಲಿದೆಯೋ ಅಲ್ಲಿ ಮಾತಾಡಿ, ಅಂಕ ಹಂಚಿಕೆಯ ಕಾಗದದಲ್ಲಿ ಒಂದು ಸಾಲು ಸೇರಿಸಿ. ಈ ವೇಳೆ ಹಿರಿಯರು ಮೊದಲು ತಮ್ಮ ಅಂಕ ಹೇಳಬಾರದು. ವಿಭಾಗದ ಮುಖ್ಯಸ್ಥರು ‘ನಾನಾದರೆ ಏಳು’ ಎಂದ ಮೇಲೆ ಕಿರಿಯರ ಒಂಬತ್ತು ಎಂದೂ ಹೊರಬರುವುದಿಲ್ಲ.

ಒಂದು ಗಂಟೆಯ ಕೆಲಸ. ಒಪ್ಪಿದ ಕಾಗದವನ್ನು ಅಂಕ ಕೊಟ್ಟ ದಿನವೇ ವಿದ್ಯಾರ್ಥಿಗಳಿಗೂ ಕೊಡಿ. ದೂರುಗಳ ಸ್ವರೂಪವೇ ಬದಲಾಗುತ್ತದೆ. ‘ಸರ್, ನನಗೆ ಯಾಕೆ ಕಡಿಮೆ?’ ಎನ್ನುವ ಜಾಗದಲ್ಲಿ ‘ಸರ್, ಕೊನೆಯ ಭಾಗದಲ್ಲಿ ನಾನು ಸ್ಥಿರ ವೆಚ್ಚ ಏರುವುದಿಲ್ಲ ಎಂದು ಬರೆದಿದ್ದೇನೆ, ಎರಡು ಅಂಕ ಬರಬೇಕಲ್ಲ?’ ಎಂದು ಬರುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ಕೊಡಬಹುದು. ಕೆಲವು ಸಲ ಅವರು ಹೇಳುವುದೇ ಸರಿಯಾಗಿರುತ್ತದೆ, ಅಂಕವನ್ನೂ ಕೊಡಬೇಕಾಗುತ್ತದೆ.

ಹೀಗೆ ತಿದ್ದಿದರೆ ಎಷ್ಟು ಮಂದಿ ಅನುತ್ತೀರ್ಣರಾಗುತ್ತಾರೆ?

ನೀವು ಹೆದರುವಷ್ಟಿಲ್ಲ. ನಿಮ್ಮ ನಿಯಮದ ಪ್ರಕಾರ ಲಿಖಿತ ಪರೀಕ್ಷೆಯಲ್ಲಿ ಕನಿಷ್ಠ 28, ಒಟ್ಟಿನಲ್ಲಿ 40 ಬೇಕು ಎಂದಿಟ್ಟುಕೊಳ್ಳಿ. 28 ತೆಗೆದವನಿಗೆ ಆಂತರಿಕದಲ್ಲಿ 12 ಸಾಕು. ಅಂದರೆ 12, 13, 14 ಕೊಡುವುದರಿಂದ ಯಾರೂ ಬೀಳುವುದಿಲ್ಲ. ‘ಪಾಪ, ಪಾಸಾಗಲಿ’ ಎಂದು 18 ಕೊಡುವಾಗ ಪಾಸಿಗೆ ಬೇಡವಾದ ಆರು ಅಂಕಗಳನ್ನು ಕೊಡುತ್ತಿದ್ದೇವೆ. ಲಿಖಿತದಲ್ಲಿ 28 ಬಾರದವನನ್ನು ಪೂರ್ತಿ 20 ಕೊಟ್ಟರೂ ಉಳಿಸಲಾಗದು.

12ಕ್ಕಿಂತ ಕೆಳಗಿರುವವರಿಗೆ, ಮತ್ತು ಬೇಕೆಂದವರಿಗೆಲ್ಲ, ಎರಡನೆಯ ಅವಕಾಶ ಕೊಡಿ. ಇದು ದಯೆಯಲ್ಲ, ಅಳತೆಯ ಭಾಗ. ಅದೇ ಪಾಠದ ಮೇಲೆ ಹೊಸ ಪ್ರಶ್ನೆ; ಗೇರುಬೀಜದ ಬದಲು ಹೆಂಚಿನ ಕಾರ್ಖಾನೆ, ವ್ಯಾಪಾರಿಯ ಬದಲು ‘ಭಾಗವನ್ನು ನಾವೇ ಮಾಡುವುದೋ ಹೊರಗೆ ಮಾಡಿಸುವುದೋ’ ಎಂಬ ತೀರ್ಮಾನ. ಬರೆಯುವ ಮೊದಲು ಮೊದಲ ಸಲದ ತಪ್ಪು ಏನೆಂದು ನಾಲ್ಕು ಸಾಲು ಬರೆದು ತರಬೇಕು, ಅದು ಪ್ರವೇಶಪತ್ರ. ಎರಡನೆಯ ಸಲ ಬಂದ ಅಂಕ ಹೆಚ್ಚಿದ್ದರೆ ಅದನ್ನೇ ಪೂರ್ತಿಯಾಗಿ ಹಾಕಿ. ‘ಎರಡನೆಯ ಸಲಕ್ಕೆ ಗರಿಷ್ಠ 12’ ಎಂದು ಕಟ್ಟು ಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ನವೆಂಬರಿನಲ್ಲಿ ಕಲಿತವನು ಸೆಪ್ಟೆಂಬರಿನಲ್ಲಿ ಕಲಿತವನಿಗಿಂತ ಕಡಿಮೆ ಕಲಿತ ಎಂದು ಅಂಕಪಟ್ಟಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಮೂರು ಹೊಳೆ ದಾಟಿ ಬಂದ ಮಕ್ಕಳಿದ್ದಾರೆ. ವಿವರಣೆ ಬೇಡುವ ಪ್ರಶ್ನೆ ಕೇಳಿದರೆ ಇವರಿಗೆ ಅನ್ಯಾಯವಾಗುತ್ತದೆ ಎಂಬ ಆಕ್ಷೇಪ ಸರಿಯಾದದ್ದೇ. ನಿಯಮ ಬಿಡುವ ಕಡೆಯಲ್ಲೆಲ್ಲ ಕಾರಣವನ್ನು ಕನ್ನಡದಲ್ಲಿ ಬರೆಯಲು ಬಿಡಿ, ವ್ಯಾಕರಣಕ್ಕೆ ಅಂಕ ಕಳೆಯಬೇಡಿ. ಅಳೆಯಬೇಕಾದದ್ದು ವೆಚ್ಚ ಲೆಕ್ಕಶಾಸ್ತ್ರ.

ಅಸೈನ್‌ಮೆಂಟ್‌ನ ಗತಿಯೇನು?

ಮನೆಯಲ್ಲಿ ಬರೆದು ತರುವ ಹದಿನೈದು ಪುಟ ಯಾರ ಕೆಲಸವೆಂದು ಹೇಳಲಾಗದು. ಪುಟ ಕಡಿಮೆ ಮಾಡಿ ಮಾತು ಹೆಚ್ಚಿಸಿ: ಎರಡು ಪುಟ ಬರೆಯಲಿ, ತರಗತಿಯಲ್ಲಿ ಮೂರು ನಿಮಿಷ ಅದರ ಮೇಲೆ ಪ್ರಶ್ನೆ ಕೇಳಿ. ಊರಿನ ಕಿರಾಣಿ ಅಂಗಡಿಯ ಒಂದು ತಿಂಗಳ ಲೆಕ್ಕ ತಂದವನು ‘ಇದರಲ್ಲಿ ಬಾಡಿಗೆಯನ್ನು ಎಲ್ಲಿ ಹಾಕಿದೆ, ಏಕೆ?’ ಎಂಬುದಕ್ಕೆ ಉತ್ತರಿಸಿದರೆ ಅದು ಅವನದೇ ಕೆಲಸ.

ಈಗಲೇ, ಈ ಸೆಮಿಸ್ಟರಿಗೇ ಜಾರಿ ಮಾಡಬಹುದೇ?

ಬೇಡ. ಆಟದ ನಡುವೆ ನಿಯಮ ಬದಲಿಸಿದರೆ ಮಟ್ಟ ಉಳಿಯುವುದಿಲ್ಲ, ನಂಬಿಕೆ ಹೋಗುತ್ತದೆ. 2017ರಲ್ಲಿ ಸಿಬಿಎಸ್‌ಇ, ಪ್ರಶ್ನೆಪತ್ರಿಕೆ ಕಷ್ಟವಾಗಿತ್ತೆಂದು ಸೇರಿಸಿ ಕೊಡುವ ಮಾಡರೇಷನ್ ಅಂಕಗಳನ್ನು ನಿಲ್ಲಿಸಲು ಹೊರಟಾಗ ಆ ವರ್ಷದ ಮಕ್ಕಳು ಪರೀಕ್ಷೆ ಬರೆದಾಗಿತ್ತು. ದೆಹಲಿ ಹೈಕೋರ್ಟ್ ಆ ವರ್ಷಕ್ಕೆ ಹಳೆಯ ಪದ್ಧತಿಯನ್ನೇ ಮುಂದುವರಿಸಲು ಹೇಳಿತು. ನಮ್ಮ ರಾಜ್ಯದ್ದು ಇನ್ನೂ ಹತ್ತಿರದ ಉದಾಹರಣೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಪರೀಕ್ಷಾ ಕೊಠಡಿಯನ್ನು ಬಿಗಿ ಮಾಡಿದರು. ಫಲಿತಾಂಶ ಬೀಳುವುದು ಕಂಡಾಗ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದರು. ಅಷ್ಟಾದರೂ ತೇರ್ಗಡೆ ಹಿಂದಿನ ವರ್ಷದ ಸುಮಾರು 84ರಿಂದ 73ಕ್ಕೆ ಇಳಿಯಿತು. ತರಗತಿಯ ಪಾಠವನ್ನು ಮುಟ್ಟದೆ ಕೊನೆಯ ಬಾಗಿಲನ್ನು ಮಾತ್ರ ಬಿಗಿದರೆ ಹಿತ್ತಿಲ ಬಾಗಿಲನ್ನು ತೆರೆಯಲೇಬೇಕಾಗುತ್ತದೆ.

ಹೊಸದಾಗಿ ಸೇರುವ ಮೊದಲ ವರ್ಷದವರಿಂದ ಶುರುಮಾಡಿ. ಮೊದಲ ವಾರದಲ್ಲೇ ಮಾದರಿ ಪ್ರಶ್ನೆ, ಅಂಕ ಹಂಚಿಕೆ ಮತ್ತು 6, 9 ಬಂದ ಎರಡು ಮಾದರಿ ಉತ್ತರಗಳನ್ನು ಕೈಗೆ ಕೊಡಿ. ಅಂತಿಮ ವರ್ಷದವರನ್ನು ಹಳೆಯ ಪದ್ಧತಿಯಲ್ಲೇ ಕಳುಹಿಸಿಬಿಡಿ.

‘ಬೇರೆ ಕಾಲೇಜಿನಲ್ಲಿ ಎಲ್ಲರಿಗೂ 19 ಕೊಡುತ್ತಾರೆ, ನನ್ನ ಮಗಳಿಗೆ 14. ನಿಮ್ಮ ಆದರ್ಶಕ್ಕೆ ಅವಳೇಕೆ ಬೆಲೆ ತೆರಬೇಕು?’

ಇದು ಒಬ್ಬ ತಾಯಿ ಕೇಳಿದ ಪ್ರಶ್ನೆ, ಇದನ್ನು ಹಾರಿಸಿ ಹೋಗುವುದು ಸರಿಯಲ್ಲ. ಅಮ್ಮ, ನೀವು ಹೇಳುವ ನಷ್ಟ ನಿಜ. ಒಂದು ವಿಭಾಗ ಒಂಟಿಯಾಗಿ ಅದನ್ನು ಪೂರ್ತಿ ಅಳಿಸಲಾರದು.

ನಾವು ಮಾಡಬಹುದಾದದ್ದು ಎರಡು. 14 ಎಂಬುದು ಕೊನೆಯ ಮಾತಾಗದಂತೆ ನೋಡಿಕೊಳ್ಳುವುದು ಮೊದಲನೆಯದು. ಎರಡನೆಯ ಅವಕಾಶದಲ್ಲಿ ನಿಮ್ಮ ಮಗಳು 18 ತೆಗೆಯಬಹುದು, ಅವಳಂಥ ನಲವತ್ತು ಮಂದಿ ತೆಗೆದರೆ ನಲವತ್ತು ಮಂದಿಗೂ ಕೊಡುತ್ತೇವೆ. ತರಗತಿಯ ಸರಾಸರಿ ಇಳಿಯಲೇಬೇಕು ಎಂಬ ಹಟ ನಮಗಿಲ್ಲ. ಕೆಲಸ ಮಾಡದೆ ಬಂದ 18ಕ್ಕೂ ಮಾಡಿ ಬಂದ 18ಕ್ಕೂ ಲಿಖಿತ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣುತ್ತದೆ, ಅಲ್ಲಿ 80 ಅಂಕಗಳಿವೆ.

ಎರಡನೆಯದು ಕಾಲೇಜುಗಳ ನಡುವೆ ಆಗಬೇಕಾದ ಕೆಲಸ. ಒಂದೇ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಎರಡು ಮೂರು ಕಾಲೇಜುಗಳ ವಿಭಾಗಗಳು ಸೆಮಿಸ್ಟರಿಗೊಮ್ಮೆ ಹೆಸರು ಮುಚ್ಚಿದ ಹತ್ತು ಉತ್ತರ ಪತ್ರಿಕೆಗಳನ್ನು ಬದಲಾಯಿಸಿಕೊಂಡು ತಿದ್ದಬಹುದು. ಉಡುಪಿಯ ಪತ್ರಿಕೆ ಮಂಗಳೂರಿಗೆ, ಅಲ್ಲಿಯದು ಇಲ್ಲಿಗೆ. ಅಂಕ ಬದಲಿಸುವುದಕ್ಕಲ್ಲ, ಯಾರ ಕೈ ಎಲ್ಲಿದೆ ಎಂದು ನೋಡಿಕೊಳ್ಳುವುದಕ್ಕೆ. ಪಕ್ಕದವರು 19 ಕೊಡುತ್ತಾರೆ ಎಂಬ ನಮ್ಮೆಲ್ಲರ ನೆಪ ಎಷ್ಟು ನಿಜ ಎಂದೂ ಆಗ ಗೊತ್ತಾಗುತ್ತದೆ.

ಅತಿಥಿ ಉಪನ್ಯಾಸಕರ ರಕ್ಷಣೆ ಹೇಗೆ?

ಅವರ ಅಂಕವನ್ನು ವಿಭಾಗದ ಅಂಕ ಮಾಡಬೇಕು. ಪಟ್ಟಿಯ ಕೆಳಗೆ ಇಬ್ಬರ ಸಹಿ ಇರಲಿ, ದೂರು ಬಂದರೆ ಮುಖ್ಯಸ್ಥರು ಮಾತಾಡಲಿ. ಅವರ ನವೀಕರಣದ ಕಡತದಲ್ಲಿ ವಿದ್ಯಾರ್ಥಿಗಳ ಅಭಿಪ್ರಾಯದ ಜತೆಗೆ ಅವರು ಮಾಡಿದ ಪ್ರಶ್ನೆಪತ್ರಿಕೆ ಮತ್ತು ತಿದ್ದಿದ ಎರಡು ಉತ್ತರ ಪತ್ರಿಕೆಗಳೂ ಹೋಗಲಿ. ಮುಖ್ಯಸ್ಥರು ಈ ಎರಡಕ್ಕೆ ಒಪ್ಪದಿದ್ದರೆ ಉಳಿದದ್ದನ್ನು ಅತಿಥಿ ಉಪನ್ಯಾಸಕರಿಂದ ನಿರೀಕ್ಷಿಸಬೇಡಿ.

ಸುಧಾರಣೆ ಆಗುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ?

ಸರಾಸರಿಯನ್ನು ನೋಡಬೇಡಿ, ಅದು ಏರಬಹುದು, ಇಳಿಯಬಹುದು. ಎರಡು ಕಾಲಂಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆಂತರಿಕದಲ್ಲಿ ಮೇಲಿನ ಹದಿನೈದು ಮಂದಿಯಲ್ಲಿ ಲಿಖಿತದಲ್ಲೂ ಮೇಲಿರುವವರು ಎಷ್ಟು? ಎಲ್ಲರೂ 18ರಲ್ಲೇ ಇದ್ದಾಗ ಈ ಪ್ರಶ್ನೆಯನ್ನೇ ಕೇಳುವಂತಿರಲಿಲ್ಲ. ಹದಿನೈದೂ ಹೊಂದಬೇಕಾಗಿಲ್ಲ, ಮಾತಿನಲ್ಲಿ ಜಾಣನಾಗಿ ಬರಹದಲ್ಲಿ ತಡವರಿಸುವವನಿಗೆ ಆಂತರಿಕ ಅಂಕ ಹೆಚ್ಚಿರಬೇಕಾದದ್ದೇ. ಬಹುಪಾಲು ಹೊಂದಿ, ಹೊಂದದ ಒಬ್ಬೊಬ್ಬರ ಬಗ್ಗೆಯೂ ಪಾಠ ಮಾಡಿದವರು ಕಾರಣ ಹೇಳಬಲ್ಲವರಾಗಿದ್ದರೆ ಅಳತೆ ಕೆಲಸ ಮಾಡುತ್ತಿದೆ.

ಕೆಟ್ಟಿದೆ ಎಂಬುದಕ್ಕೂ ಗುರುತುಗಳಿವೆ. ಎರಡನೆಯ ಅವಕಾಶಕ್ಕೆ ಬಂದವರೆಲ್ಲರಿಗೂ 18 ಬೀಳಲು ಶುರುವಾದರೆ ಉಬ್ಬರ ಆ ಬಾಗಿಲಿನಿಂದ ಒಳಗೆ ಬಂದಿದೆ. ಆ ಉತ್ತರಗಳನ್ನು ಬೇರೆಯವರಿಂದ ತಿದ್ದಿಸಿ. ಎರಡು ವರ್ಷದಲ್ಲಿ ಮಾದರಿ ಉತ್ತರಗಳೇ ಬಾಯಿಪಾಠವಾಗಿ, ಹೆಂಚಿನ ಕಾರ್ಖಾನೆಯ ಪ್ರಶ್ನೆಗೂ ‘ಗಿರಾಕಿಗಳು 700ಕ್ಕೇ ಕೇಳುತ್ತಾರೆ’ ಎಂಬ ಸಾಲು ಬರತೊಡಗಿದರೆ ಪ್ರಶ್ನೆಯನ್ನು ಹೊಸದಾಗಿ ಕಟ್ಟುವ ಕಾಲ ಬಂದಿದೆ. ಅಂಕ ಹಂಚಿಕೆಯ ಸಭೆಗೆ ಬರುವವರು ಒಬ್ಬಿಬ್ಬರಿಗೆ ಇಳಿದರೆ ಆ ಸೆಮಿಸ್ಟರಿನ ಪಟ್ಟಿಯಲ್ಲಿ 17, 18, 18, 19 ತಾನಾಗಿಯೇ ಹಿಂದಿರುಗುತ್ತದೆ, ಕಾರಣ ಹುಡುಕುವ ಅಗತ್ಯವಿರುವುದಿಲ್ಲ.